ನಾಲ್ಕು ಅಂತಸ್ತಿನ ಚಿತ್ರ: ಒಂದು ಅಂಗಡಿಯ ಏಳು ವರ್ಷದ ವ್ಯಾಪಾರ



ಎರಡು ಸಂಖ್ಯೆಗಳಿಂದ ಶುರು ಮಾಡುತ್ತೇನೆ. ಒಂದು ಅಂಗಡಿಯ ವ್ಯಾಪಾರ 1992ರ ಡಿಸೆಂಬರಿನಲ್ಲಿ 80,722. ಅದರ ಮರುತಿಂಗಳು, 1993ರ ಜನವರಿಯಲ್ಲಿ, 10,243. ಹೆಚ್ಚು ಕಡಿಮೆ ಎಂಟರಲ್ಲಿ ಏಳು ಪಾಲು ವ್ಯಾಪಾರ ಒಂದೇ ತಿಂಗಳಲ್ಲಿ ಇಲ್ಲವಾಗಿದೆ. ಈ ಎರಡು ಅಂಕಿ ಮಾತ್ರ ನೋಡಿದವರು ಅಂಗಡಿ ಮುಳುಗಿತು ಎಂದುಕೊಳ್ಳುತ್ತಾರೆ. ಆದರೆ ಹಿಂದಿನ ವರ್ಷದ ಜನವರಿಯಲ್ಲಿ ಅದೇ ಅಂಗಡಿಯ ವ್ಯಾಪಾರ 7,615 ಇತ್ತು. ಅದರ ಪಕ್ಕದಲ್ಲಿಟ್ಟರೆ ಇದೇ 10,243 ಒಳ್ಳೆಯ ಏರಿಕೆ. ಹಾಗಾದರೆ ಆ ಜನವರಿಯಲ್ಲಿ ಅಂಗಡಿ ಬಿದ್ದಿತೋ ಎದ್ದಿತೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬಳಸುವ ಒಂದು ಚಿತ್ರವೇ ಇಂದಿನ ನನ್ನ ವಿಷಯ. ಕಾಲಶ್ರೇಣಿಯನ್ನು ಬಿಡಿಸಿ ತೋರಿಸುವ ಈ ಚಿತ್ರಕ್ಕೆ ಒಂದರ ಕೆಳಗೊಂದು ನಾಲ್ಕು ಅಂತಸ್ತು. ಮೇಲಿನದರಲ್ಲಿ ಅಂಗಡಿಯ ಲೆಕ್ಕದಲ್ಲಿದ್ದ ವ್ಯಾಪಾರ ಹಾಗೆಯೇ ಇರುತ್ತದೆ. ಎರಡನೆಯದರಲ್ಲಿ ನಿಧಾನವಾಗಿ ಏರುವ ಇಳಿಯುವ ಪ್ರವೃತ್ತಿ, ಮೂರನೆಯದರಲ್ಲಿ ವರ್ಷವರ್ಷವೂ ಮರಳಿ ಬರುವ ಋತುಮಾನದ ವಿನ್ಯಾಸ. ಇವೆರಡನ್ನೂ ತೆಗೆದಮೇಲೆ ಏನು ಮಿಕ್ಕಿತೋ ಅದು ನಾಲ್ಕನೆಯದರಲ್ಲಿ. ಅದನ್ನು ಉಳಿಕೆ ಎಂದು ಕರೆಯುತ್ತೇನೆ.

ನನ್ನ ಮಾತು ನಾಲ್ಕು ಭಾಗಗಳಲ್ಲಿದೆ. ಮೊದಲಿಗೆ, ಈ ಬಿಡಿಸುವಿಕೆಯನ್ನು ಕೈಲೆಕ್ಕದಲ್ಲಿ ಹೇಗೆ ಮಾಡುತ್ತಾರೆ ಎಂಬುದು. ಎರಡನೆಯದಾಗಿ, ಋತುಮಾನವನ್ನು ಕೂಡಬೇಕೋ ಗುಣಿಸಬೇಕೋ ಎಂಬ ಪ್ರಶ್ನೆ. ಮೂರನೆಯದಾಗಿ, ನಾಲ್ಕನೆಯ ಅಂತಸ್ತನ್ನು ಓದುವ ಬಗೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಅಲ್ಲಿಯೇ ಇದೆ. ಕೊನೆಗೆ ನಮ್ಮ ಪಂಚಾಂಗದ ಬಗ್ಗೆ ಒಂದೆರಡು ಮಾತು. ಚಕ್ರೀಯ ಏರಿಳಿತ, ಮುನ್ಸೂಚನೆ ಇವುಗಳ ಗೊಡವೆಗೆ ಇಂದು ಹೋಗುವುದಿಲ್ಲ.

ಮೊದಲು ಅಂಗಡಿಯ ಪರಿಚಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಂದು ಕಡಲತೀರದ ಊರು. ಅಲ್ಲಿನ ಹಡಗುಕಟ್ಟೆಯ ಮೇಲೆ ಉಡುಗೊರೆ, ನೆನಪಿನ ಕಾಣಿಕೆಯಂಥ ಸಾಮಾನುಗಳನ್ನು ಮಾರುವ ಅಂಗಡಿ. ಅದು 1987ರ ಜನವರಿಯಲ್ಲಿ ತೆರೆಯಿತು. ಅಂದಿನಿಂದ 1993ರ ಡಿಸೆಂಬರಿನವರೆಗಿನ 84 ತಿಂಗಳ ವ್ಯಾಪಾರವನ್ನು ಮಕ್ರಿಡಾಕಿಸ್, ವೀಲ್‌ರೈಟ್, ಹೈಂಡ್‌ಮನ್ ಎಂಬ ಮೂವರು 1998ರಲ್ಲಿ ಪ್ರಕಟವಾದ ತಮ್ಮ ಮುನ್ಸೂಚನಾ ಪಠ್ಯದಲ್ಲಿ ಅಭ್ಯಾಸಕ್ಕೆಂದು ಕೊಟ್ಟಿದ್ದಾರೆ. ಅಂಗಡಿಯ ಬಗ್ಗೆ ನಮಗೆ ಗೊತ್ತಿರಬೇಕಾದ ಸಂಗತಿ ಮೂರೇ. ಕ್ರಿಸ್‌ಮಸ್ಸಿಗೆ ಊರಿಗೆ ಪ್ರವಾಸಿಗರು ಮುಗಿಬೀಳುತ್ತಿದ್ದರು. 1988ರಿಂದ ಪ್ರತಿ ಮಾರ್ಚಿನಲ್ಲಿ ಅಲ್ಲಿ ಅಲೆಸವಾರಿಯ ಹಬ್ಬ ನಡೆಯುತ್ತಿತ್ತು. ವರ್ಷ ಕಳೆದಂತೆ ಅಂಗಡಿಯ ಜಾಗ, ಸರಕು, ಕೆಲಸಗಾರರು ಎಲ್ಲವೂ ಹೆಚ್ಚಿದವು. ಹಬ್ಬ ಶುರುವಾದದ್ದು 1988ರಲ್ಲಿ, ಅಂಗಡಿ ತೆರೆದದ್ದು 1987ರಲ್ಲಿ. ಈ ಒಂದು ವರ್ಷದ ಅಂತರವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಮೊದಲ ಭಾಗಕ್ಕೆ ಬರುತ್ತೇನೆ: ಬಿಡಿಸುವುದು ಹೇಗೆ?

ಮೊದಲು ಪ್ರವೃತ್ತಿಯನ್ನು ತೆಗೆಯಬೇಕು. ಇದರ ಹಿಂದಿನ ಉಪಾಯ ಬಹಳ ಸರಳ. ಯಾವುದೇ ಹನ್ನೆರಡು ತಿಂಗಳು ಸತತವಾಗಿ ತೆಗೆದುಕೊಂಡರೂ ಅದರಲ್ಲಿ ಒಂದು ಡಿಸೆಂಬರ್ ಇರುತ್ತದೆ, ಒಂದು ಜನವರಿ ಇರುತ್ತದೆ, ಒಂದು ಮಾರ್ಚ್ ಇರುತ್ತದೆ. ಹನ್ನೆರಡರ ಸರಾಸರಿ ತೆಗೆದರೆ ಹಬ್ಬದ ತಿಂಗಳ ಉಬ್ಬು ಮತ್ತು ಬಿಡುವಿನ ತಿಂಗಳ ತಗ್ಗು ಒಂದನ್ನೊಂದು ತುಂಬಿಕೊಳ್ಳುತ್ತವೆ, ವ್ಯಾಪಾರದ ಮಟ್ಟ ಮಾತ್ರ ಉಳಿಯುತ್ತದೆ. ಆಮೇಲೆ ಕಿಟಕಿಯನ್ನು ಒಂದು ತಿಂಗಳು ಮುಂದಕ್ಕೆ ಸರಿಸಿ ಮತ್ತೆ ಸರಾಸರಿ, ಮತ್ತೆ ಸರಿಸಿ ಮತ್ತೆ ಸರಾಸರಿ. ಪಿಯುಸಿ ಪುಸ್ತಕದಲ್ಲಿ ಚಲಿಸುವ ಸರಾಸರಿ ಎಂದು ನೀವು ಓದಿರುವುದು ಇದನ್ನೇ.

ಒಂದು ಲೆಕ್ಕ ಮಾಡಿ ನೋಡೋಣ. 1987ರ ಹನ್ನೆರಡು ತಿಂಗಳ ಒಟ್ಟು ವ್ಯಾಪಾರ 64,636, ಸರಾಸರಿ 5,386. ಈ ಸರಾಸರಿಯನ್ನು ಯಾವ ತಿಂಗಳ ಎದುರಿಗೆ ಬರೆಯಬೇಕು? ಹನ್ನೆರಡು ಸಮಸಂಖ್ಯೆ, ಅದಕ್ಕೆ ನಡುವಿನ ತಿಂಗಳಿಲ್ಲ. ಸರಾಸರಿ ಜೂನ್ ಮತ್ತು ಜುಲೈ ನಡುವಿನ ಗೆರೆಯ ಮೇಲೆ ಕೂರುತ್ತದೆ. ಆದ್ದರಿಂದ ಕಿಟಕಿಯನ್ನು ಒಂದು ತಿಂಗಳು ಸರಿಸುತ್ತೇವೆ. 1987ರ ಫೆಬ್ರವರಿಯಿಂದ 1988ರ ಜನವರಿಯವರೆಗಿನ ಸರಾಸರಿ 5,456, ಅದು ಕೂರುವುದು ಜುಲೈ ಮತ್ತು ಆಗಸ್ಟ್ ನಡುವೆ. ಎರಡರ ಸರಾಸರಿ ತೆಗೆದರೆ 5,421. ಇದು ಸರಿಯಾಗಿ ಜುಲೈಯ ಎದುರಿಗೇ ಬಂದು ನಿಲ್ಲುತ್ತದೆ. ನಿಜವಾಗಿ ಇದು ಹದಿಮೂರು ತಿಂಗಳ ಸರಾಸರಿ. ಎರಡು ತುದಿಯ ತಿಂಗಳುಗಳಿಗೆ ಅರ್ಧ ತೂಕ, ನಡುವಿನ ಹನ್ನೊಂದಕ್ಕೆ ಪೂರ್ತಿ ತೂಕ.

ಆ ಜುಲೈಯಲ್ಲಿ ಆದ ವ್ಯಾಪಾರ 4,350. ಇದನ್ನು ಪ್ರವೃತ್ತಿಯಾದ 5,421ರಿಂದ ಭಾಗಿಸಿದರೆ 0.80. ಅಂದರೆ ಆ ತಿಂಗಳು ರೂಪಾಯಿಗೆ ಎಂಬತ್ತು ಪೈಸೆಯ ತಿಂಗಳು. ಹೀಗೆ ಪ್ರತಿ ತಿಂಗಳಿಗೂ ಒಂದು ಅನುಪಾತ ಬರುತ್ತದೆ. ಎಲ್ಲ ಜುಲೈಗಳ ಅನುಪಾತವನ್ನು ಒಟ್ಟುಮಾಡಿ ಸರಾಸರಿ ತೆಗೆದರೆ ಜುಲೈಯ ಋತುಮಾನ ಸೂಚ್ಯಂಕ, ಎಲ್ಲ ಡಿಸೆಂಬರುಗಳದ್ದು ತೆಗೆದರೆ ಡಿಸೆಂಬರಿನದು. ಹನ್ನೆರಡು ಸೂಚ್ಯಂಕಗಳ ಸರಾಸರಿ ಒಂದಕ್ಕೆ ಸರಿಹೋಗುವಂತೆ ಕೊನೆಯಲ್ಲಿ ಒಂದು ಸಣ್ಣ ತಿದ್ದುಪಡಿ ಇದೆ. ನಾನು ಓದುವ ಅಂಕಿಗಳು ಆ ತಿದ್ದುಪಡಿಗೆ ಮುಂಚಿನವು. ಕೊನೆಗೆ ವ್ಯಾಪಾರವನ್ನು ಪ್ರವೃತ್ತಿಯಿಂದಲೂ ಸೂಚ್ಯಂಕದಿಂದಲೂ ಭಾಗಿಸಿದರೆ ಉಳಿಕೆ ಸಿಗುತ್ತದೆ. ಅಮೆರಿಕದ ಫ್ರೆಡರಿಕ್ ಮೆಕಾಲೆ 1920ರ ದಶಕದಲ್ಲಿ ರೂಢಿಗೆ ತಂದ ಈ ದಾರಿಯೇ ಮುಂದೆ ಸರ್ಕಾರಿ ಅಂಕಿಅಂಶ ಕಚೇರಿಗಳ ಕ್ರಮಗಳಿಗೆ ಬುನಾದಿಯಾಯಿತು.

ಇಷ್ಟು ಲೆಕ್ಕದಿಂದ ಎರಡನೆಯ ಅಂತಸ್ತು ನಮಗೆ ಏನು ತೋರಿಸಿತು? 1989ರ ಡಿಸೆಂಬರಿನಲ್ಲಿ ಪ್ರವೃತ್ತಿ 10,672. ಒಂದು ವರ್ಷ ಕಳೆದು, 1990ರ ಡಿಸೆಂಬರಿನಲ್ಲಿ, 10,658. ಅಂಗಡಿ ಒಂದಿಡೀ ವರ್ಷ ನಿಂತಲ್ಲೇ ನಿಂತಿತ್ತು. ಮೇಲಿನ ಅಂತಸ್ತಿನಲ್ಲಿ ಡಿಸೆಂಬರಿನ ಶಿಖರಗಳು ಕಣ್ಣನ್ನು ಸೆಳೆದುಬಿಡುವುದರಿಂದ ಈ ಸಪಾಟು ಜಾಗ ಅಲ್ಲಿ ಕಾಣಿಸುವುದೇ ಇಲ್ಲ. ಆಮೇಲೆ ಗೆರೆ ಏಳುತ್ತದೆ. 1991ರ ಡಿಸೆಂಬರಿಗೆ 15,045, 1992ರ ಡಿಸೆಂಬರಿಗೆ 24,602. ಸಪಾಟಾದದ್ದಕ್ಕೆ ಕಾರಣವನ್ನು ಚಿತ್ರ ಹೇಳುವುದಿಲ್ಲ. 1990–91ರಲ್ಲಿ ಆಸ್ಟ್ರೇಲಿಯಾದಲ್ಲಿ ಆರ್ಥಿಕ ಹಿಂಜರಿತ ಇತ್ತು ಎಂಬುದು ನಿಜ. ಆದರೆ ಈ ಅಂಗಡಿ ನಿಂತದ್ದು ಅದರಿಂದಲೇ ಎನ್ನಲು ಈ ಗೆರೆಯೊಂದೇ ಸಾಕ್ಷಿಯಾಗದು.

ಇದೇ ಲೆಕ್ಕದಲ್ಲಿ ಒಂದು ಕೊರತೆಯೂ ಇದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹದಿಮೂರು ತಿಂಗಳ ಕಿಟಕಿಗೆ ಎರಡೂ ಕಡೆ ಆರಾರು ತಿಂಗಳು ಬೇಕು. ಆದ್ದರಿಂದ ಮೊದಲ ಆರು ತಿಂಗಳಿಗೂ ಕೊನೆಯ ಆರು ತಿಂಗಳಿಗೂ ಪ್ರವೃತ್ತಿ ಸಿಗುವುದಿಲ್ಲ. ಚಿತ್ರದಲ್ಲಿ ಎರಡನೆಯ ಮತ್ತು ನಾಲ್ಕನೆಯ ಅಂತಸ್ತುಗಳ ಎರಡೂ ತುದಿ ಖಾಲಿ ಇರುತ್ತವೆ. 1993ರ ಡಿಸೆಂಬರಿನಲ್ಲಿ ಈ ಅಂಗಡಿ 1,04,661ರ ವ್ಯಾಪಾರ ಮಾಡಿತು, ಏಳು ವರ್ಷಗಳಲ್ಲೇ ಅತಿ ದೊಡ್ಡ ತಿಂಗಳು. ಅದು ವಾಡಿಕೆಯ ಡಿಸೆಂಬರೋ ವಿಶೇಷವೋ ಎಂದು ಈ ಚಿತ್ರವನ್ನು ಕೇಳಿದರೆ ಉತ್ತರವೇ ಇಲ್ಲ. ಮಾಲೀಕನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಈಚಿನ ತಿಂಗಳ ಸುದ್ದಿ, ಅದೇ ಇಲ್ಲಿ ಸಿಗುವುದಿಲ್ಲ.

ಇನ್ನು ಎರಡನೆಯ ಭಾಗ: ಕೂಡುವುದೋ, ಗುಣಿಸುವುದೋ?

ಮೇಲಿನ ಲೆಕ್ಕದಲ್ಲಿ ನಾನು ಸದ್ದಿಲ್ಲದೆ ಒಂದು ಆಯ್ಕೆ ಮಾಡಿಬಿಟ್ಟೆ. ವ್ಯಾಪಾರವನ್ನು ಪ್ರವೃತ್ತಿಯಿಂದ ಭಾಗಿಸಿದೆ, ಕಳೆಯಲಿಲ್ಲ. ಕಳೆಯುವ ಕ್ರಮವೂ ಉಂಟು. ಅದಕ್ಕೆ ಸಂಕಲನ ಮಾದರಿ ಎನ್ನುತ್ತಾರೆ. ಡಿಸೆಂಬರಿನಲ್ಲಿ ಇಷ್ಟು ಸಾವಿರ ಹೆಚ್ಚು ಎಂದು ಅದು ಹೇಳುತ್ತದೆ. ಭಾಗಿಸುವುದು ಗುಣಾಕಾರ ಮಾದರಿ. ಡಿಸೆಂಬರಿನಲ್ಲಿ ಇಷ್ಟು ಪಟ್ಟು ಎನ್ನುತ್ತದೆ. ಯಾವುದು ಸರಿ ಎಂಬುದನ್ನು ಅಂಗಡಿಯ ಡಿಸೆಂಬರುಗಳನ್ನೇ ಕೇಳೋಣ.

| ಡಿಸೆಂಬರ್ | ವ್ಯಾಪಾರ | ಪ್ರವೃತ್ತಿ | ವ್ಯತ್ಯಾಸ | ಅನುಪಾತ |
|---|---|---|---|---|
| 1987 | 19,756 | 6,390 | 13,366 | 3.09 |
| 1988 | 28,542 | 8,448 | 20,094 | 3.38 |
| 1989 | 34,061 | 10,672 | 23,389 | 3.19 |
| 1990 | 30,114 | 10,658 | 19,456 | 2.83 |
| 1991 | 45,061 | 15,045 | 30,015 | 3.00 |
| 1992 | 80,722 | 24,602 | 56,120 | 3.28 |

ವ್ಯತ್ಯಾಸದ ಸಾಲನ್ನು ನೋಡಿ. ಅದು 13,366ರಿಂದ ಹೊರಟು ನಾಲ್ಕು ಪಟ್ಟಿಗೂ ಮೀರಿ ಬೆಳೆದಿದೆ. ಅನುಪಾತದ ಸಾಲು ಮಾತ್ರ ಆರು ವರ್ಷವೂ ಮೂರರ ಆಸುಪಾಸಿನಲ್ಲೇ ಸುಳಿದಾಡಿದೆ. ಈ ಊರಿನ ಡಿಸೆಂಬರ್ ಎಂದರೆ ವಾಡಿಕೆಯ ಮೂರು ತಿಂಗಳ ವ್ಯಾಪಾರ ಒಂದೇ ತಿಂಗಳಲ್ಲಿ. ಅಂಗಡಿ ಚಿಕ್ಕದಿದ್ದಾಗಲೂ ಹಾಗೆ, ದೊಡ್ಡದಾದಮೇಲೂ ಹಾಗೆ. ಇದು ಸಹಜವೇ. ಅಂಗಡಿ ದೊಡ್ಡದಾದಾಗ ಒಳಗೆ ಬರುವ ಪ್ರತಿ ಗಿರಾಕಿಗೂ ತೋರಿಸಲು ಹೆಚ್ಚು ಸರಕು ಇರುತ್ತದೆ, ಗಿರಾಕಿಗಳ ಸಂಖ್ಯೆ ಹಬ್ಬದ ಕಾಲದಲ್ಲಿ ಪಟ್ಟಿನ ಲೆಕ್ಕದಲ್ಲೇ ಏರುತ್ತದೆ.

ತಪ್ಪು ಮಾದರಿಯನ್ನು ಆರಿಸಿದ್ದರೆ ಏನಾಗುತ್ತಿತ್ತು? ಆರು ವ್ಯತ್ಯಾಸಗಳ ಸರಾಸರಿ ಸುಮಾರು 27,073. ಸಂಕಲನ ಮಾದರಿ ಇದನ್ನೇ ಪ್ರತಿ ಡಿಸೆಂಬರಿಗೂ ಹಂಚುತ್ತದೆ. 1987ರ ಡಿಸೆಂಬರಿಗೆ 6,390ರ ಮೇಲೆ 27,073 ಕೂಡಿ 33,463 ಬರಬೇಕಿತ್ತು ಎನ್ನುತ್ತದೆ. ಬಂದದ್ದು 19,756. ಉಳಿಕೆ 13,707 ಕಡಿಮೆ. 1992ಕ್ಕೆ ಬಂದರೆ ಉಳಿಕೆ 29,046 ಹೆಚ್ಚು. ಮೊದಲ ಕ್ರಿಸ್‌ಮಸ್ ದುರಂತ, ಕೊನೆಯ ಕ್ರಿಸ್‌ಮಸ್ ಪವಾಡ ಎಂಬಂತೆ ಕಾಣುತ್ತದೆ. ಎರಡೂ ಸುಳ್ಳು. ಎರಡು ವರ್ಷವೂ ಡಿಸೆಂಬರ್ ತನ್ನ ವಾಡಿಕೆಯಂತೆ ಮೂರು ಪಟ್ಟು ಮಾರಿದೆ.

ಈ ತಪ್ಪನ್ನು ಗುರುತಿಸುವ ಬಗೆ ಸುಲಭ. ಸಂಕಲನ ಮಾದರಿಯ ನಾಲ್ಕನೆಯ ಅಂತಸ್ತಿನಲ್ಲಿ ಹೊಡೆತಗಳು ವರ್ಷದ ಅದದೇ ತಿಂಗಳುಗಳಲ್ಲಿ ಬೀಳುತ್ತವೆ. ಮೊದಲ ವರ್ಷಗಳಲ್ಲಿ ಡಿಸೆಂಬರ್ ಕೆಳಕ್ಕೆ ಚುಚ್ಚುತ್ತದೆ, ಕೊನೆಯ ವರ್ಷದಲ್ಲಿ ಮೇಲಕ್ಕೆ. ಜನವರಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಉಳಿಕೆಯಲ್ಲಿ ಕ್ಯಾಲೆಂಡರ್ ಕಾಣಿಸಿತೆಂದರೆ ಋತುಮಾನ ಪೂರ್ತಿ ಹೊರಬಂದಿಲ್ಲ ಎಂದೇ ಅರ್ಥ. ಆಗ ಗುಣಾಕಾರ ಮಾದರಿಗೆ ಬನ್ನಿ, ಇಲ್ಲವೇ ವ್ಯಾಪಾರದ ಲಾಗರಿದಮ್ ತೆಗೆದುಕೊಂಡು ಕೂಡುವ ಮಾದರಿಯನ್ನೇ ಬಳಸಿ. ಲಾಗರಿದಮ್ ಗುಣಾಕಾರವನ್ನು ಸಂಕಲನವಾಗಿಸುವುದರಿಂದ ಎರಡೂ ಒಂದೇ ಮಾತು.

ಕಂಪ್ಯೂಟರಿನಲ್ಲಿ ಮಾಡುವ ವಿದ್ಯಾರ್ಥಿಗಳಿಗಾಗಿ ಆರ್ ಭಾಷೆಯ ಸಾಲುಗಳು ಇಲ್ಲಿವೆ. ಈ ಅಂಗಡಿಯ ಅಂಕಿಗಳು `fma` ಎಂಬ ಪೊಟ್ಟಣದಲ್ಲಿ `fancy` ಎಂಬ ಹೆಸರಿನಲ್ಲಿವೆ.

```r
library(fma)
plot(decompose(fancy, type = "multiplicative"))
plot(stl(log(fancy), s.window = "periodic"))
```

ಈಗ ಮೂರನೆಯ ಭಾಗಕ್ಕೆ, ಅಂದರೆ ನಾಲ್ಕನೆಯ ಅಂತಸ್ತಿಗೆ, ಇಳಿಯೋಣ.

ಮೇಲಿನ ಎರಡು `plot` ಆಜ್ಞೆಗಳಲ್ಲಿ ಎರಡನೆಯದು ಋತುಮಾನವನ್ನು ಪ್ರವೃತ್ತಿಗಿಂತ ಮೇಲಿನ ಅಂತಸ್ತಿನಲ್ಲಿ ಇಡುತ್ತದೆ. ಅದಲ್ಲದೆ ಹೆಸರಿನಲ್ಲೂ ಒಂದು ಸಣ್ಣ ವ್ಯತ್ಯಾಸವಿದೆ. ಮೊದಲನೆಯದು ಕೊನೆಯ ಅಂತಸ್ತಿಗೆ `random` ಎಂದು ಹೆಸರು ಬರೆಯುತ್ತದೆ, ಎರಡನೆಯದು `remainder` ಎಂದು. ಒಂದು ಅದನ್ನು ಯಾದೃಚ್ಛಿಕ ಎನ್ನುತ್ತದೆ, ಇನ್ನೊಂದು ಮಿಕ್ಕದ್ದು ಎನ್ನುತ್ತದೆ. ನನಗೆ ಎರಡನೆಯದೇ ಪ್ರಾಮಾಣಿಕ ಅನ್ನಿಸುತ್ತದೆ. ಭಾಗಾಕಾರ ಮಾಡಿದವರ ಕೈಯಲ್ಲಿ ಮಿಕ್ಕದ್ದು ಮಿಕ್ಕದ್ದಷ್ಟೇ. ಅದರಲ್ಲಿ ಅರ್ಥವಿಲ್ಲ, ಅದು ಬರಿಯ ಗದ್ದಲ ಎಂದು ತೀರ್ಪು ಕೊಡಬೇಕಾದರೆ ಅದನ್ನು ಪರೀಕ್ಷಿಸಬೇಕು. ಪರೀಕ್ಷಿಸುವ ಮುಂಚೆಯೇ ಹೆಸರು ತೀರ್ಪು ಕೊಟ್ಟುಬಿಟ್ಟರೆ ಓದುವವರು ಆ ಅಂತಸ್ತಿನ ಕಡೆ ತಲೆ ಹಾಕುವುದೇ ಇಲ್ಲ.

ನಾವು ತಲೆ ಹಾಕೋಣ. ಆರು ಮಾರ್ಚ್‌ಗಳನ್ನು ಆರಿಸಿಕೊಂಡಿದ್ದೇನೆ. ಅವುಗಳ ಅನುಪಾತದ ಸರಾಸರಿ, ಅಂದರೆ ಮಾರ್ಚಿನ ಸೂಚ್ಯಂಕ, 0.98. ಪ್ರತಿ ವರ್ಷದ ಅನುಪಾತವನ್ನು ಇದರಿಂದ ಭಾಗಿಸಿದರೆ ಉಳಿಕೆ ಬರುತ್ತದೆ. ಉಳಿಕೆ 1 ಆಗಿದ್ದರೆ ಆ ಮಾರ್ಚ್ ವಾಡಿಕೆಯಂತೆ ಇತ್ತು ಎಂದರ್ಥ.

| ಮಾರ್ಚ್ | ವ್ಯಾಪಾರ | ಅನುಪಾತ | ಉಳಿಕೆ |
|---|---|---|---|
| 1988 | 7,225 | 1.08 | 1.10 |
| 1989 | 9,958 | 1.10 | 1.13 |
| 1990 | 12,421 | 1.16 | 1.19 |
| 1991 | 9,639 | 0.83 | 0.85 |
| 1992 | 14,558 | 0.87 | 0.89 |
| 1993 | 21,827 | 0.82 | 0.84 |

ಮೂರು ವರ್ಷ ಮೇಲೆ, ಮೂರು ವರ್ಷ ಕೆಳಗೆ. ಒಂದಕ್ಕೆ ಹತ್ತಿರವಾದ ವರ್ಷ ಒಂದೂ ಇಲ್ಲ. ನಾಣ್ಯ ಚಿಮ್ಮಿದರೂ ಹೀಗೆ ಮೂರು ರಾಜ, ಆಮೇಲೆ ಮೂರು ರಾಣಿ ಬೀಳಬಹುದು. ಆದರೆ ಆಗ ಅವು ಒಂದರ ಸುತ್ತ ಹತ್ತಿರ ದೂರ ಚೆದುರಿರಬೇಕಿತ್ತು. ಇಲ್ಲಿ ನಮಗೆ ಕಾಣುವುದು ಎರಡು ಗುಂಪು, ನಡುವೆ ಒಂದು ಕಂದಕ. 0.98 ಎಂಬ ಸೂಚ್ಯಂಕ ಯಾವ ಮಾರ್ಚನ್ನೂ ವರ್ಣಿಸುವುದಿಲ್ಲ. ಮೊದಲ ಗುಂಪಿಗೆ ಸುಮಾರು 1.1, ಎರಡನೆಯದಕ್ಕೆ ಸುಮಾರು 0.84 ಎಂದು ಬೇರೆಬೇರೆ ಸೂಚ್ಯಂಕ ಬೇಕಿತ್ತು.

ಹಾಗಾದರೆ 1991ರಿಂದ ಅಲೆಸವಾರಿಯ ಹಬ್ಬ ಕಳೆಗುಂದಿತೇ? ಅವಸರದಿಂದ ಹಾಗೆ ಹೇಳಬಾರದು. ಪಕ್ಕದ ತಿಂಗಳುಗಳನ್ನು ಕೇಳಬೇಕು. ಫೆಬ್ರವರಿ ಮತ್ತು ಏಪ್ರಿಲ್‌ಗಳ ಸರಾಸರಿಗೆ ಮಾರ್ಚನ್ನು ಹೋಲಿಸಿದರೆ 1990ರಲ್ಲಿ ಮಾರ್ಚ್ ಎರಡು ಪಟ್ಟು ಇತ್ತು, 1991ರಲ್ಲಿ ಒಂದೂಕಾಲು ಪಟ್ಟು, 1993ರಲ್ಲಿ ಒಂದೂವರೆ ಪಟ್ಟು. ಹಬ್ಬದ ಉಬ್ಬು ಕುಗ್ಗಿದೆ, ಆದರೆ ಇಲ್ಲವಾಗಿಲ್ಲ. ಅತ್ತ ಆಗಸ್ಟ್ ತಿಂಗಳನ್ನು ನೋಡಿ. 1988ರಲ್ಲಿ ಅದರ ಅನುಪಾತ 0.59 ಇತ್ತು, 1992ಕ್ಕೆ 0.88ಕ್ಕೆ ಏರಿದೆ. ಹಿಂದೆ ಬಣಗುಟ್ಟುತ್ತಿದ್ದ ತಿಂಗಳುಗಳು ತುಂಬಿಕೊಂಡಿವೆ. ವರ್ಷದ ಒಟ್ಟು ವ್ಯಾಪಾರದಲ್ಲಿ ಅವುಗಳ ಪಾಲು ಹೆಚ್ಚಿದಾಗ ಮಾರ್ಚಿನ ಪಾಲು ತಾನಾಗಿ ಇಳಿಯಲೇಬೇಕು. ಮಾರ್ಚಿನ ಉಳಿಕೆಯಲ್ಲಿ ನಾವು ಕಂಡದ್ದು ಹೀಗೆ ಎರಡು ಸಂಗತಿಗಳ ಬೆರಕೆ. ಹಬ್ಬದ ಬಲ ಸ್ವಲ್ಪ ತಗ್ಗಿದೆ, ಜೊತೆಗೆ ವರ್ಷದ ಆಕಾರವೇ ಬದಲಾಗಿದೆ. ಗದ್ದಲ ಎಂದು ತಳ್ಳಿಹಾಕಿದ್ದರೆ ಇವೆರಡೂ ಕೈತಪ್ಪುತ್ತಿದ್ದವು.

ಇಲ್ಲಿಯೇ ನಾನು ನೆನಪಿಡಿ ಎಂದಿದ್ದ ಮಾತಿಗೆ ಬರುತ್ತೇನೆ. ಈ ಪಟ್ಟಿಯಲ್ಲಿ 1987ರ ಮಾರ್ಚ್ ಇಲ್ಲ. ಅದು ಮೊದಲ ಆರು ತಿಂಗಳೊಳಗೆ ಬಿದ್ದದ್ದರಿಂದ ಚಲಿಸುವ ಸರಾಸರಿ ಅದನ್ನು ನುಂಗಿಹಾಕಿತು. ಹಬ್ಬವಿಲ್ಲದ ಏಕೈಕ ಮಾರ್ಚ್ ಅದು. ಹಬ್ಬದ ತೂಕ ಎಷ್ಟೆಂದು ಹೇಳಬಲ್ಲ ಒಂದೇ ಒಂದು ಸಾಕ್ಷಿ, ಅದನ್ನೇ ಲೆಕ್ಕ ಹೊರಗಿಟ್ಟಿತು. ಅಂಗಡಿಯ ಪುಸ್ತಕಕ್ಕೆ ಮರಳಿ ನೋಡಿದರೆ 1987ರ ಫೆಬ್ರವರಿ 2,398, ಮಾರ್ಚ್ 2,841, ಏಪ್ರಿಲ್ 3,547. ಮಾರ್ಚಿನಲ್ಲಿ ಉಬ್ಬೇ ಇಲ್ಲ, ಮೆಟ್ಟಿಲಿನಂತೆ ಒಂದರ ಮೇಲೊಂದು ಏರಿದೆ. ಮರುವರ್ಷ ಅದೇ ಮೂರು ತಿಂಗಳು 5,198, 7,225, 4,806. ನಡುವೆ ಗುಡ್ಡ ಎದ್ದಿದೆ.

ತುದಿಗಳನ್ನು ಹೀಗೆ ಖಾಲಿ ಬಿಡದ ಎಸ್‌ಟಿಎಲ್ ಎಂಬ ಕ್ರಮವನ್ನು 1990ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು ಪ್ರಕಟಿಸಿದರು. ಮೇಲಿನ ಎರಡನೆಯ ಆಜ್ಞೆ ಅದರದೇ. ಸರಾಸರಿಯ ಬದಲು ಅದು ಅಕ್ಕಪಕ್ಕದ ಬಿಂದುಗಳಿಗೆ ಹೆಚ್ಚು ತೂಕ ಕೊಟ್ಟು ಗೆರೆಯನ್ನು ನಯಗೊಳಿಸುತ್ತ ಹೋಗುವುದರಿಂದ ತುದಿಯ ತಿಂಗಳುಗಳಿಗೂ ಬೆಲೆ ಸಿಗುತ್ತದೆ. ಆದರೆ ಆ ಬೆಲೆಗೆ ಒಂದೇ ಕಡೆಯ ನೆರೆಹೊರೆಯ ಆಸರೆ. ಹೊಸ ತಿಂಗಳುಗಳ ಲೆಕ್ಕ ಬಂದಂತೆ ಕೊನೆಯ ತುದಿಯ ಗೆರೆ ಜರುಗುತ್ತದೆ. ಈ ವರ್ಷದ ಕೊನೆಯಲ್ಲಿ ಕಂಡ ತಿರುವು ಮುಂದಿನ ವರ್ಷದ ಚಿತ್ರದಲ್ಲಿ ಇಲ್ಲದೇ ಹೋಗಬಹುದು.

ಎಸ್‌ಟಿಎಲ್‌ನಲ್ಲಿ ಋತುಮಾನವೂ ವರ್ಷದಿಂದ ವರ್ಷಕ್ಕೆ ಬದಲಾಗಲು ಅವಕಾಶ ಕೊಡಬಹುದು. ಆ ಸಡಿಲಿಕೆಯ ಹಿಡಿಕೆ `s.window`. ಅಲ್ಲಿ `"periodic"` ಎಂದರೆ ಬಿಗಿ, ಎಲ್ಲ ಮಾರ್ಚಿಗೂ ಒಂದೇ ಬೆಲೆ. 7 ಎಂಬಂಥ ಚಿಕ್ಕ ಬೆಸಸಂಖ್ಯೆ ಕೊಟ್ಟರೆ ಸಡಿಲ. ಸಡಿಲ ಮಾಡಿದಾಗ ಮಾರ್ಚಿನ ಬದಲಾವಣೆ ನಾಲ್ಕನೆಯ ಅಂತಸ್ತಿನಿಂದ ಋತುಮಾನದ ಅಂತಸ್ತಿಗೆ ಹತ್ತಿಹೋಗುತ್ತದೆ. ಉಳಿಕೆ ಚೊಕ್ಕವಾಗಿ ಕಾಣುತ್ತದೆ. ಆದರೆ ನಮ್ಮಲ್ಲಿರುವುದು ಏಳೇ ಮಾರ್ಚ್. ತೀರಾ ಸಡಿಲ ಬಿಟ್ಟರೆ ಆಕಸ್ಮಿಕವಾಗಿ ಬಂದದ್ದನ್ನೂ ಋತುಮಾನವೆಂದು ನುಂಗಿಕೊಳ್ಳುತ್ತದೆ. ಉಳಿಕೆ ಚಿಕ್ಕದಾದ ಮಾತ್ರಕ್ಕೆ ಬಿಡಿಸುವಿಕೆ ಸರಿಯಾಯಿತು ಎನ್ನುವಂತಿಲ್ಲ. ಹಬ್ಬದ ವಿಷಯ ಗೊತ್ತಿದ್ದವರು ಮಾಡಬೇಕಾದ ಕೆಲಸ ಬೇರೆ. ಹಬ್ಬ ನಡೆದ ಮಾರ್ಚಿಗೆ 1, ಉಳಿದೆಲ್ಲ ತಿಂಗಳಿಗೆ 0 ಎಂಬ ಪ್ರತ್ಯೇಕ ಗುರುತಿನ ಚರವನ್ನಿಟ್ಟು ಹಬ್ಬದ ತೂಕವನ್ನು ಬೇರೆಯಾಗಿ ಅಳೆಯಬೇಕು. ಆಗ 1987ರ ಮಾರ್ಚಿನ ಸಾಕ್ಷಿಯೂ ಲೆಕ್ಕಕ್ಕೆ ಬರುತ್ತದೆ.

ನಾಲ್ಕನೆಯ ಅಂತಸ್ತಿನಿಂದ ಮೇಲೇಳುವ ಮುಂಚೆ ಕಣ್ಣಿಗೆ ಸಂಬಂಧಿಸಿದ ಒಂದು ಎಚ್ಚರಿಕೆ. ನಾಲ್ಕೂ ಅಂತಸ್ತುಗಳ ಎತ್ತರ ಒಂದೇ ಆದರೂ ಅಳತೆ ಒಂದೇ ಅಲ್ಲ. ಪ್ರತಿಯೊಂದನ್ನೂ ಅದರ ಜಾಗ ತುಂಬುವಂತೆ ಎಳೆದು ಬಿಡಿಸಲಾಗಿರುತ್ತದೆ. ಹಾಗಾಗಿ ಸಣ್ಣ ಉಳಿಕೆಯೂ ಋತುಮಾನದಷ್ಟೇ ಅಬ್ಬರಿಸುವಂತೆ ತೋರಬಹುದು. `stl` ಚಿತ್ರದ ಬಲ ಅಂಚಿನಲ್ಲಿ ಪ್ರತಿ ಅಂತಸ್ತಿಗೂ ಒಂದು ಸಣ್ಣ ಆಯತಪಟ್ಟಿ ಇರುತ್ತದೆ. ಅವೆಲ್ಲ ಒಂದೇ ಮೊತ್ತವನ್ನು ಸೂಚಿಸುತ್ತವೆ. ಪಟ್ಟಿ ಉದ್ದವಾಗಿ ಕಂಡ ಅಂತಸ್ತನ್ನು ಹೆಚ್ಚು ಹಿಗ್ಗಿಸಲಾಗಿದೆ ಎಂದು ತಿಳಿಯಬೇಕು. ಅಂಚಿನ ಅಳತೆಯನ್ನೂ ಈ ಪಟ್ಟಿಗಳನ್ನೂ ನೋಡದೆ ಗೆರೆಗಳನ್ನು ಹೋಲಿಸಬಾರದು.

ಕೊನೆಯ ಭಾಗಕ್ಕೆ ಬಂದೆ. ಇಷ್ಟೂ ಹೊತ್ತು ನಾವು ನೋಡಿದ ಊರಿನಲ್ಲಿ ಕ್ರಿಸ್‌ಮಸ್ ಡಿಸೆಂಬರ್ ಬಿಟ್ಟು ಕದಲುವುದಿಲ್ಲ, ಅಲೆಸವಾರಿಯ ಹಬ್ಬ ಮಾರ್ಚ್ ಬಿಟ್ಟು ಕದಲಲಿಲ್ಲ. ನಮ್ಮ ಹಬ್ಬಗಳು ಹಾಗಲ್ಲ.

ಈ ಪಾಠ ನಾನು ಕಲಿತದ್ದು ಒಂದು ಜವಳಿ ಅಂಗಡಿಯಲ್ಲಿ. ಮಾಲೀಕರು ಪರಿಚಯದವರು, ಕೆಲವು ವರ್ಷಗಳ ತಿಂಗಳ ಲೆಕ್ಕ ಕೊಟ್ಟಿದ್ದರು. ನಾನು ನಾಲ್ಕು ಅಂತಸ್ತಿನ ಚಿತ್ರ ಬಿಡಿಸಿ, ಮುದ್ರಿಸಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹರಡಿದೆ. ನಾಲ್ಕನೆಯ ಅಂತಸ್ತಿನಲ್ಲಿ 2023ರ ಅಕ್ಟೋಬರ್ ಆಳಕ್ಕೆ ಬಿದ್ದಿತ್ತು, ನವೆಂಬರ್ ಎತ್ತರಕ್ಕೆ ಚಿಮ್ಮಿತ್ತು. "ಇದು ಲೆಕ್ಕಕ್ಕೆ ಸಿಗದ ಏರಿಳಿತ, ತಲೆ ಕೆಡಿಸಿಕೊಳ್ಳಬೇಡಿ" ಎಂದೆ. ಅವರು ಚಿತ್ರವನ್ನು ಒಮ್ಮೆ ನೋಡಿ, ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ಕೈ ತೋರಿಸಿ, "ಸಾರ್, ಹಿಂದಿನ ವರ್ಷ ದೀಪಾವಳಿ ಅಕ್ಟೋಬರಿನಲ್ಲೇ ಮುಗಿದಿತ್ತು, ಆ ವರ್ಷ ನವೆಂಬರಿಗೆ ಹೋಗಿತ್ತಲ್ಲ" ಎಂದರು. ನನಗೆ ಮಾತು ಹೊರಡಲಿಲ್ಲ.

ಅವರ ಮಾತು ಸರಿ. ದೀಪಾವಳಿಯ ಅಮಾವಾಸ್ಯೆ 2022ರಲ್ಲಿ ಅಕ್ಟೋಬರ್ 24ರಂದು ಆಚರಣೆಯಾಯಿತು, 2023ರಲ್ಲಿ ನವೆಂಬರ್ 12ರಂದು. ಚಾಂದ್ರಮಾನ ವರ್ಷ ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಹಬ್ಬ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತ ಬರುತ್ತದೆ, ಅಧಿಕಮಾಸ ಬಂದ ವರ್ಷ ಒಮ್ಮೆಗೇ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಶ್ರಾವಣ ಅಧಿಕವಾಗಿತ್ತು. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕಮಾಸದ ಲೆಕ್ಕದಲ್ಲಿ ಈ ಜಿಗಿತ ನಡೆಯುತ್ತಲೇ ಇರುತ್ತದೆ. ಯುಗಾದಿಯೂ ಹೀಗೆಯೇ, 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9.

ಹನ್ನೆರಡು ತಿಂಗಳ ಕಿಟಕಿಗೆ ಇದು ತಿಳಿಯದು. ಅಕ್ಟೋಬರಿಗೆ ಒಂದು ಸೂಚ್ಯಂಕ, ನವೆಂಬರಿಗೆ ಒಂದು ಎಂದು ಅದು ಹಬ್ಬವನ್ನು ಎರಡು ತಿಂಗಳಿಗೆ ಹಂಚಿಬಿಡುತ್ತದೆ. ಪರಿಣಾಮವಾಗಿ ಎರಡೂ ತಿಂಗಳ ಸೂಚ್ಯಂಕ ಪೇಲವ, ಎರಡರ ಉಳಿಕೆಯೂ ದೊಡ್ಡದು. ಗುರುತು ಹಿಡಿಯುವುದು ಕಷ್ಟವಲ್ಲ. ನೆರೆಯ ಎರಡು ತಿಂಗಳ ಉಳಿಕೆಗಳು ಒಂದು ಏರಿದಾಗ ಇನ್ನೊಂದು ಇಳಿಯುತ್ತ ತಕ್ಕಡಿಯಂತೆ ತೂಗಿದರೆ, ಅಲ್ಲಿ ಜಾಗ ಬದಲಿಸುವ ಹಬ್ಬವೊಂದು ಕುಳಿತಿದೆ ಎಂದುಕೊಳ್ಳಿ. ಆಗ ಹಬ್ಬಕ್ಕೆ ಮುಂಚಿನ ಎರಡು ಮೂರು ವಾರಗಳ ಖರೀದಿಯ ದಿನಗಳಲ್ಲಿ ಎಷ್ಟು ಪಾಲು ಯಾವ ತಿಂಗಳಿಗೆ ಬಿದ್ದಿದೆ ಎಂದು ಪಂಚಾಂಗ ನೋಡಿ ಎಣಿಸಿ, ಆ ಪಾಲನ್ನೇ ಒಂದು ಚರವಾಗಿಟ್ಟು ಮೊದಲು ಅದರ ಪರಿಣಾಮವನ್ನು ತೆಗೆಯಬೇಕು. ಬಿಡಿಸುವ ಕೆಲಸ ಆಮೇಲೆ. ಮಾರ್ಚ್ ಮತ್ತು ಏಪ್ರಿಲ್ ನಡುವೆ ಓಡಾಡುವ ಈಸ್ಟರಿಗಾಗಿ ಪಾಶ್ಚಾತ್ಯ ದೇಶಗಳ ಅಂಕಿಅಂಶ ಕಚೇರಿಗಳು ಬಹಳ ಹಿಂದಿನಿಂದ ಇಂಥದೇ ತಿದ್ದುಪಡಿ ಮಾಡುತ್ತ ಬಂದಿವೆ.

ಮಾತು ಮುಗಿಸುವ ಮುಂಚೆ ಮೊದಲ ಪ್ರಶ್ನೆಗೆ ಮರಳುತ್ತೇನೆ. 1993ರ ಜನವರಿಯಲ್ಲಿ ಆ ಅಂಗಡಿ ಬಿದ್ದಿತೋ ಎದ್ದಿತೋ? ಬೀಳಲಿಲ್ಲ. ಡಿಸೆಂಬರ್ ಮೂರು ಪಟ್ಟಿನ ತಿಂಗಳು, ಜನವರಿ 0.47ರ ಹತ್ತಿರದ ತಿಂಗಳು. ಎರಡರ ನಡುವಿನ ಎಂಟು ಪಟ್ಟು ಇಳಿತ ಬಹುಪಾಲು ಕ್ಯಾಲೆಂಡರಿನ ಕೆಲಸ. ಪ್ರವೃತ್ತಿ ಆ ಹೊತ್ತಿಗೆ ಏರುತ್ತಲೇ ಇತ್ತು. ಇಷ್ಟನ್ನು ಎರಡನೆಯ ಮತ್ತು ಮೂರನೆಯ ಅಂತಸ್ತುಗಳು ಹೇಳಿದವು. ಆದರೆ ಆ ಎರಡು ಅಂತಸ್ತುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಹೇಳಿದ್ದು ನಾಲ್ಕನೆಯದು. ಅಲ್ಲಿ ಡಿಸೆಂಬರುಗಳು ಒಂದರ ಸುತ್ತಮುತ್ತಲೇ ಇದ್ದವು, ಮಾರ್ಚ್‌ಗಳು ಎರಡು ಗುಂಪಾಗಿ ಒಡೆದಿದ್ದವು. ಡಿಸೆಂಬರಿನ ಸೂಚ್ಯಂಕವನ್ನು ನಂಬಿ ಮಾಲೀಕ ಮುಂದಿನ ಕ್ರಿಸ್‌ಮಸ್ಸಿಗೆ ಮೂರು ಪಟ್ಟು ಸರಕು ತರಿಸಬಹುದು. ಮಾರ್ಚಿನ 0.98ನ್ನು ನಂಬಿ ಸರಕು ತರಿಸಿದರೆ ಸರಕು ಗೋದಾಮಿನಲ್ಲೇ ಉಳಿಯುತ್ತದೆ.